ಅಷ್ಟಮಿ ಸೀಸನ್ ಪೋಸ್ಟರ್: ಡಿಸೈನರ್‌ಗೆ ಎಂತ ಬರೆದು ಕಳಿಸ್ಬೇಕು?

ಪ್ರಶ್ನೆ: ಉಡುಪಿಯಲ್ಲಿ ನಮ್ದು ತಿಂಡಿ ಅಂಗಡಿ. ಅಷ್ಟಮಿಗೆ ಉಂಡೆ-ಚಕ್ಕುಲಿ ಬಾಕ್ಸ್ ಬಿಡ್ತಿದ್ದೇವೆ, ಪೋಸ್ಟರ್ ಮಾಡ್ಲಿಕ್ಕೆ ಬೆಂಗಳೂರಿನ ಒಬ್ರು ಫ್ರೀಲ್ಯಾನ್ಸರ್ ಸಿಕ್ಕಿದ್ದಾರೆ. ಬ್ರೀಫ್ ಬರೆದು ಕಳಿಸಿ ಅಂತಾರೆ. ಅದ್ರಲ್ಲಿ ಎಂತ ಬರೀಬೇಕು?

ನಾನು ಮಂಗಳೂರಲ್ಲಿ ಇದೇ ಕೆಲಸ ಮಾಡುವವ, ನೀವು ಬರೆಯುವಂಥ ಕಾಗದ ಬಂದು ಬೀಳುವುದು ನನ್ನಂಥವರ ಮೇಲೆಯೇ. ಹೆಚ್ಚಿನವು ಹೇಗಿರ್ತವೆ ಅಂದ್ರೆ "ಹಬ್ಬದ ಲುಕ್ ಇರ್ಲಿ, ಗ್ರ್ಯಾಂಡ್ ಆಗಿ ಮಾಡಿ, ಕಲರ್ ನಿಮ್ಗೆ ಬಿಟ್ಟದ್ದು" ಅಷ್ಟೇ. ಕಲರ್ ನಮ್ಗೆ ಬಿಡಿ ಮಾರಾಯ್ರೆ, ತೊಂದರೆ ಇಲ್ಲ. ಬೆಂಗಳೂರಲ್ಲಿ ಕೂತವರಿಗೆ ಗೊತ್ತಾಗುವ ಚಾನ್ಸೇ ಇಲ್ಲದ ವಿಷಯ ಉಂಟಲ್ಲ, ಅದನ್ನು ಬರೀರಿ.

ಅದ್ರಲ್ಲಿ ಮೊದಲನೇದು ತಾರೀಕು. ಉಡುಪಿಯಲ್ಲಿ ಅಷ್ಟಮಿ ಸೌರಮಾನ ಲೆಕ್ಕ ಅಂತ ನಿಮ್ಗೆ ನಾನು ಹೇಳ್ಬೇಕಾಗಿಲ್ಲ, ಆದ್ರೆ ಡಿಸೈನರ್ ನೋಡುವುದು ಮೊಬೈಲ್ ಕ್ಯಾಲೆಂಡರ್. 2025ರಲ್ಲಿ ಬೇರೆ ಕಡೆ ಜನ್ಮಾಷ್ಟಮಿ ಆಗಸ್ಟ್ ಮಧ್ಯದಲ್ಲೇ ಮುಗಿದಿತ್ತು, ಆಗಸ್ಟ್ 27ಕ್ಕೆ ಚೌತಿಯೂ ಆಯ್ತು, ಉಡುಪಿ ಮಠದಲ್ಲಿ ಅಷ್ಟಮಿ ಬಂದದ್ದು ಸೆಪ್ಟೆಂಬರ್ 14ಕ್ಕೆ, ವಿಟ್ಲಪಿಂಡಿ 15ಕ್ಕೆ. ಇದನ್ನು ಬರೆಯದಿದ್ರೆ ಅವರು ತಮ್ಮ ಲೆಕ್ಕದಲ್ಲಿ ಕೆಲಸ ಹಿಡೀತಾರೆ, ನಿಮ್ಮ ಲೆಕ್ಕ ಬೇರೆಯೇ ಇರ್ತದೆ. ಹಬ್ಬದ ದಿನ ಮಾತ್ರ ಸಾಕಾಗುದಿಲ್ಲ, ಬುಕಿಂಗ್ ಯಾವಾಗ ಕ್ಲೋಸ್ ಅಂತ ಬರೆದು ಅಲ್ಲಿಂದ ಹಿಂದೆ ಹಿಂದೆ ಲೆಕ್ಕ ಹಾಕ್ಬೇಕು.

ಎರಡನೇದು ಚಿತ್ರ. ಏನೂ ಹೇಳದಿದ್ರೆ ಸ್ಟಾಕ್ ಫೋಟೋ ಸೈಟಿಂದ ಬರುವುದು ಬೆಣ್ಣೆ ಗಡಿಗೆ ಹಿಡಿದ ಗೊಂಬೆ ಕೃಷ್ಣ, ಹಿಂದೆ ಮುಂಬೈ ಶೈಲಿಯಲ್ಲಿ ಒಬ್ಬರ ಮೇಲೆ ಒಬ್ಬರು ಹತ್ತಿ ಮಡಕೆ ಒಡೆಯುವ ಹುಡುಗರು. ನಮ್ಮಲ್ಲಿ ಕೃಷ್ಣನ ಕೈಯಲ್ಲಿ ಇರುವುದು ಕಡೆಗೋಲು, ಮೊಸರು ಕುಡಿಕೆ ಕಟ್ಟುವುದು ಗುರ್ಜಿಗೆ, ಗೊಲ್ಲ ವೇಷದವರು ಕೋಲಲ್ಲಿ ಹೊಡೀತಾರೆ, ಬೀದಿ ತುಂಬ ಹುಲಿವೇಷ. ರಥಬೀದಿಯಲ್ಲಿ ಹೋಗುವವರು ಆ ಮುಂಬೈ ಚಿತ್ರ ನೋಡಿದ್ರೆ ಯಾವುದೋ ದೊಡ್ಡ ಕಂಪನಿಯ ಜಾಹೀರಾತು ಅಂದ್ಕೊಂಡು ಮುಂದೆ ಹೋಗ್ತಾರೆ. ಚಕ್ಕುಲಿಯದ್ದೂ ಅದೇ ಕತೆ, ಸ್ಟಾಕಲ್ಲಿ ಸಿಗುವುದರಲ್ಲಿ ಹೆಚ್ಚಿನದ್ದು ತಮಿಳುನಾಡಿನ ಮುರುಕ್ಕು, ನಿಮ್ಮ ಬಾಕ್ಸ್ ತೆಗೆದವರಿಗೆ ಒಳಗೆ ಬೇರೆಯೇ ಕಾಣ್ತದೆ. ಇನ್ನೊಂದು, ದೇವರ ಚಿತ್ರ ಬಾಕ್ಸಿನ ಮೇಲೆ ಬೇಡ, ಖಾಲಿ ಬಾಕ್ಸ್ ಮರುದಿನ ಎಲ್ಲಿ ಬಿದ್ದಿರ್ತದೆ ಅಂತ ನಿಮ್ಗೇ ಗೊತ್ತು. ನನ್ನ ಕೇಳಿದ್ರೆ ಪೋಸ್ಟರಲ್ಲೂ ಒಂದು ನವಿಲುಗರಿ ಸಾಕು.

2025ರ ಅಷ್ಟಮಿ ಅಂತ ಇಟ್ಕೊಂಡು ಒಂದು ಕಾಗದ ಬರೆದು ತೋರಿಸ್ತೇನೆ, ರೇಟು, ತೂಕ ಎಲ್ಲ ಸುಮ್ನೆ ಉದಾಹರಣೆಗೆ, ನಿಮ್ದು ಹಾಕ್ಕೊಳ್ಳಿ.

"ನಮಸ್ಕಾರ. ನಮ್ಮದು ಉಡುಪಿ ರಥಬೀದಿ ಹತ್ತಿರದ ತಿಂಡಿ ಅಂಗಡಿ. ಅಷ್ಟಮಿಗೆ ಒಂದೇ ಐಟಂ ಮಾರಬೇಕು: 500 ಗ್ರಾಂನ ಉಂಡೆ-ಚಕ್ಕುಲಿ ಬಾಕ್ಸ್, ₹320. ಒಳಗೆ ಚಕ್ಕುಲಿ, ಎಳ್ಳುಂಡೆ, ನೆಲಕಡಲೆ ಉಂಡೆ. ತೆಗೆದುಕೊಳ್ಳುವವರು ಹೆಚ್ಚಾಗಿ ಮನೆಯಲ್ಲಿ ಮಾಡಲಿಕ್ಕೆ ಪುರುಸೊತ್ತಿಲ್ಲದವರು, ಮತ್ತೆ ಬೆಂಗಳೂರು-ಮುಂಬೈಯಲ್ಲಿರುವ ಮಕ್ಕಳಿಗೆ ಕಳಿಸುವ ಅಪ್ಪ-ಅಮ್ಮ. ನೋಡಿದವರು ವಾಟ್ಸಾಪಲ್ಲಿ ಬುಕ್ ಮಾಡಬೇಕು, ಅಷ್ಟೇ ಉದ್ದೇಶ.

ಉಡುಪಿಯಲ್ಲಿ ಅಷ್ಟಮಿ ಸೆಪ್ಟೆಂಬರ್ 14. ಪಾರ್ಸೆಲ್ ಬುಕಿಂಗ್ 8ಕ್ಕೆ, ಅಂಗಡಿ ಬುಕಿಂಗ್ 12ಕ್ಕೆ ಕ್ಲೋಸ್. ಪೋಸ್ಟರ್ ಆಗಸ್ಟ್ 29ಕ್ಕೆ ಹೊರಗೆ ಬರಬೇಕು. 27 ಚೌತಿ, ಪ್ರಿಂಟಿಂಗಿನವರು ಸಿಗುವುದಿಲ್ಲ, ಹಾಗಾಗಿ ಬ್ಯಾನರ್ ಫೈಲ್ 25ಕ್ಕೆ ಬೇಕು. ಮೊದಲ ಡ್ರಾಫ್ಟ್ 20ಕ್ಕೆ ಕೊಡಿ.

ಬೇಕಾದದ್ದು ಮೂರು: ವಾಟ್ಸಾಪ್ ಸ್ಟೇಟಸ್ 1080×1920, ಇನ್‌ಸ್ಟಾಗ್ರಾಂ ಪೋಸ್ಟ್ 1080×1350, ಅಂಗಡಿ ಎದುರಿಗೆ 8×4 ಅಡಿ ಅಡ್ಡ ಬ್ಯಾನರ್, ಬಟ್ಟೆ ಪ್ರಿಂಟ್. ಬಾಕ್ಸಿನ ಫೋಟೋ ನಾವೇ ತೆಗೆದು ಕಳಿಸುತ್ತೇವೆ, ಸ್ಟಾಕ್ ಫೋಟೋ ಬೇಡ. ದೇವರ ಮುಖ ಬೇಡ, ಮಡಕೆ ಒಡೆಯುವ ಚಿತ್ರ ಬೇಡ.

ಪೋಸ್ಟರಿನ ಅಕ್ಷರ ಇದರ ಜೊತೆ ಬೇರೆಯಾಗಿ ಕಳಿಸಿದ್ದೇನೆ, ಅದರಲ್ಲಿದ್ದಂತೆಯೇ ಹಾಕಿ, ಒಂದೂ ಬದಲಿಸಬೇಡಿ. ತಿದ್ದುವುದಿದ್ದರೆ ನಾನೊಬ್ಬನೇ ಹೇಳುತ್ತೇನೆ, ಎರಡು ಸಲ. ₹8,000, ಅರ್ಧ ಮೊದಲೇ, ಉಳಿದರ್ಧ ಫೈನಲ್ ಫೈಲ್ ಬಂದ ದಿನ. ಮೂಲ ಫೈಲೂ ಸೇರಿ."

ಆ ಮೂರು ಅಳತೆ ಯಾಕೆ ಬಿಡಿಸಿ ಬರೆದೆ ಅಂದ್ರೆ, ಸ್ಟೇಟಸ್ ಉದ್ದಕ್ಕೆ ನಿಂತದ್ದು, ಬ್ಯಾನರ್ ಅಡ್ಡಕ್ಕೆ ಮಲಗಿದ್ದು, ಒಂದನ್ನು ಎಳೆದು ಇನ್ನೊಂದು ಮಾಡ್ಲಿಕ್ಕೆ ಆಗುದಿಲ್ಲ, ಡಿಸೈನರ್ ಮತ್ತೆ ಕೂತು ಜೋಡಿಸ್ಬೇಕು. ಕೊನೆಗೆ "ಅದನ್ನೇ ಬ್ಯಾನರಿಗೆ ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದ್ರೆ ದುಡ್ಡಿಗೆ ಜಗಳ ಆಗುವುದು ಅಲ್ಲೇ. ಬಟ್ಟೆ ಅಂತ ಹೇಳಿದ್ದಕ್ಕೂ ಕಾರಣ ಉಂಟು, ಬಟ್ಟೆಯಲ್ಲಿ ಸಪೂರ ಅಕ್ಷರ ಸ್ಕ್ರೀನಲ್ಲಿ ಕಂಡಷ್ಟು ಶಾರ್ಪ್ ಬರುದಿಲ್ಲ, ಬಣ್ಣವೂ ಸ್ವಲ್ಪ ಮಂಕು. ಬೈಕಲ್ಲಿ ಹೋಗುವವರಿಗೆ ಬಾಕ್ಸ್, ರೇಟು, ಬುಕಿಂಗ್ ಕ್ಲೋಸ್ ಆಗುವ ದಿನ ಇಷ್ಟು ಕಂಡ್ರೆ ಸಾಕು, ಒಳಗೆ ಏನೇನು ಉಂಟು ಅನ್ನುವ ಲಿಸ್ಟು ಸ್ಟೇಟಸ್‌ಗೆ ಇರ್ಲಿ.

ಈಗ ಕನ್ನಡ ಅಕ್ಷರ, ಹೆಚ್ಚು ಕೆಡುವುದು ಇದೇ. ನಿಮ್ಮ ಪೋಸ್ಟರಿನ ಎರಡು ಮುಖ್ಯ ಪದ ಅಷ್ಟಮಿ ಮತ್ತು ಚಕ್ಕುಲಿ, ಎರಡರಲ್ಲೂ ಒತ್ತಕ್ಷರ. ಹಳೇ ಫೋಟೋಶಾಪಲ್ಲಿ ಭಾರತೀಯ ಭಾಷೆಗಳ ಟೆಕ್ಸ್ಟ್ ಸೆಟ್ಟಿಂಗ್ ಆನ್ ಮಾಡದೆ ಪೇಸ್ಟ್ ಮಾಡಿದ್ರೆ ಒತ್ತು ಕಳಚಿ "ಅಷ್‌ಟಮಿ", "ಚಕ್‌ಕುಲಿ" ಆಗ್ತದೆ. ಕನ್ನಡ ಓದ್ಲಿಕ್ಕೆ ಬಾರದ ಡಿಸೈನರ್‌ಗೆ ಅದು ತಪ್ಪು ಅಂತ ಕಾಣುವುದೇ ಇಲ್ಲ. ಹಾಗಾಗಿ ಟೆಕ್ಸ್ಟನ್ನು ಯೂನಿಕೋಡಲ್ಲಿ ಟೈಪ್ ಮಾಡಿ ಕಳಿಸಿ, ಅದರ ಜೊತೆಗೆ ಮೊಬೈಲಲ್ಲಿ ಸರಿಯಾಗಿ ಕಾಣುವ ಸ್ಕ್ರೀನ್‌ಶಾಟ್ ಒಂದು ಇಡಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸ್ಲಿಕ್ಕೆ ಭಾಷೆ ಬರ್ಬೇಕಂತ ಇಲ್ಲ. ಪ್ರಿಂಟಿಂಗಿಗೆ ಹೋಗುವ ಪಿಡಿಎಫಲ್ಲಿ ಅಕ್ಷರ ಎಲ್ಲ ಔಟ್‌ಲೈನ್ ಮಾಡಿರ್ಬೇಕು ಅಂತ ಒಂದು ಸಾಲು ಸೇರಿಸಿ, ಅಂದ್ರೆ ಅಕ್ಷರವನ್ನು ಫಾಂಟ್ ಬೇಡದ ಆಕಾರವಾಗಿ ಬದಲಿಸುವುದು. ಯಾಕಂದ್ರೆ ಪ್ರಿಂಟಿಂಗಿನವರ ಕಂಪ್ಯೂಟರಲ್ಲಿ ಹಳೇ ನುಡಿ ಫಾಂಟ್ ಮಾತ್ರ ಇದ್ರೆ, ಫೈಲ್ ಓಪನ್ ಮಾಡಿದ ಕೂಡ್ಲೆ ಅಕ್ಷರ ಬೇರೆಯೇ ಆಗಿ ಕೂತಿರ್ತದೆ. ಔಟ್‌ಲೈನ್ ಆದ್ಮೇಲೆ ಅಕ್ಷರ ತಿದ್ಲಿಕ್ಕೆ ಆಗುದಿಲ್ಲ, ಹಾಗಾಗಿ ರೇಟು, ಫೋನ್ ನಂಬರ್ ಎಲ್ಲ ಅದಕ್ಕಿಂತ ಮೊದಲೇ ನೋಡಿ. ಮೂಲ ಫೈಲ್ ಕೇಳಿದ್ದೂ ಅದಕ್ಕೇ, ಬರುವ ವರ್ಷ ರೇಟು ಮಾತ್ರ ಬದಲಿಸುವುದಾದ್ರೆ ಕೆಲಸ ಸುಲಭ.

ಫೋಟೋ ನೀವೇ ತೆಗೆಯುವುದಾದ್ರೆ ಅಂಗಡಿ ಟ್ಯೂಬ್‌ಲೈಟ್ ಆಫ್ ಮಾಡಿ. ಬೆಳಿಗ್ಗೆ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ, ಬೆಳಕು ಒಂದೇ ಬದಿಯಿಂದ ಬರುವ ಹಾಗೆ ಬಾಕ್ಸ್ ಇಡಿ. ಆಗ ಚಕ್ಕುಲಿಯ ಮುಳ್ಳು ಮುಳ್ಳು ಎದ್ದು ಕಾಣ್ತದೆ, ಫ್ಲ್ಯಾಶ್ ಹಾಕಿದ್ರೆ ಎಣ್ಣೆ ಮಾತ್ರ ಮಿರಮಿರ. ಎಳ್ಳುಂಡೆ ಕಪ್ಪಾದ್ರೆ ಕಪ್ಪು ಟ್ರೇಯಲ್ಲಿ ಇಡ್ಬೇಡಿ, ಬಾಳೆಎಲೆ ಸಾಕು. ಬ್ಯಾನರಲ್ಲಿ ಅಕ್ಷರ ಬರ್ಲಿಕ್ಕೆ ಜಾಗ ಬೇಕಲ್ಲ, ಬಾಕ್ಸಿನ ಎಡಕ್ಕೆ ಎಲೆಯನ್ನು ಖಾಲಿ ಬಿಟ್ಟು ಮೊಬೈಲ್ ಅಡ್ಡ ಹಿಡಿದು ಒಂದು, ಉದ್ದ ಹಿಡಿದು ಒಂದು ತೆಗೀರಿ. ವಾಟ್ಸಾಪಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸ್ಬೇಡಿ, ಕುಗ್ಗಿಸಿಬಿಡ್ತದೆ, ಡಾಕ್ಯುಮೆಂಟ್ ಅಂತ ಆಯ್ಕೆ ಮಾಡಿ ಕಳಿಸಿ.