ಫರ್ಸಿ ಮೇಲೆ ಕುದುರೆ ದಾರಿ ತಪ್ಪುವುದೇಕೆ?

ಪ್ರಶ್ನೆ: ಗದಗಿನಲ್ಲಿ ನಮ್ಮ ಓಣಿಯ ಹನ್ನೆರಡು ಮಕ್ಕಳಿಗೆ ಭಾನುವಾರ ಚೆಸ್ ಹೇಳಿಕೊಡ್ತೀನಿ. ಎಲ್ಲರಿಗೂ ಆರು ವರ್ಷ. ಪಡಸಾಲೆಯ ಶಹಾಬಾದ್ ಫರ್ಸಿ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ಮಕ್ಕಳನ್ನೇ ಕಾಯಿ ಮಾಡ್ತೀನಿ. ಆನೆ, ಒಂಟೆ ಬೇಗ ಬಂದವು. ಕುದುರೆಗೆ ಕಥೆ ಹೇಳಿದರೂ ಎಲ್ಲೆಲ್ಲೋ ಜಿಗೀತಾರೆ. ಏನು ಮಾಡಲಿ ಸರ್?

ಉತ್ತರ: ಅಕ್ಕಾವ್ರೇ, ಮೊದಲು ಒಂದು ಕೇಳ್ತೀನಿ. ನಿಮ್ಮ ಮನೆಗಳಿಗೆ ಬಣ್ಣ ಇದೆಯಾ, ಬರೀ ಗೆರೆ ಅಷ್ಟೇನಾ? ಫರ್ಸಿ ಎಲ್ಲ ಒಂದೇ ಬಣ್ಣ. ಬರೀ ಗೆರೆ ಎಳೆದರೆ ಆನೆಗೆ ಸಾಕು, ಅದು ನೆಟ್ಟಗೆ ಹೋಗುತ್ತದೆ. ಕುದುರೆಗೆ ಸಾಲದು. ಕುದುರೆ ಪ್ರತಿ ಸಲವೂ ಬಣ್ಣ ಬದಲಿಸುತ್ತದೆ. ಕಪ್ಪು ಮನೆಯಿಂದ ಎದ್ದರೆ ಬಿಳಿಯಲ್ಲೇ ಇಳಿಯಬೇಕು, ಬಿಳಿಯಿಂದ ಎದ್ದರೆ ಕಪ್ಪಿನಲ್ಲಿ. ಮಗು ತನ್ನ ತಪ್ಪನ್ನು ತಾನೇ ಹಿಡಿಯಲು ಇದೇ ಮೊದಲ ಗುರುತು. ಹಾಗಾಗಿ ಒಂದು ಬಿಟ್ಟು ಒಂದು ಮನೆಗೆ ಕೆಮ್ಮಣ್ಣು ನೀರಿನಲ್ಲಿ ಕಲಸಿ ತೆಳುವಾಗಿ ಹಚ್ಚಿ. ಅವೇ ನಿಮ್ಮ ಕಪ್ಪು ಮನೆಗಳು. ಪೂರ್ತಿ ಒಣಗಿದ ಮೇಲೆ ಆಡಿಸಿ. ಮಕ್ಕಳು ಬರಿಗಾಲಿನಲ್ಲಿರಲಿ. ಸಾಕ್ಸ್ ಹಾಕಿಕೊಂಡರೆ ಫರ್ಸಿ ಮೇಲೆ ಜಾರುತ್ತಾರೆ.

ಪೂರ್ತಿ ಅರವತ್ನಾಲ್ಕು ಮನೆ ಈಗಲೇ ಬೇಡ. ಐದು ಸಾಲು, ಐದು ಮನೆ ಸಾಕು. ಒಂದೊಂದು ಮನೆ ಒಂದೂವರೆ ಅಡಿ ಇದ್ದರೆ ಏಳೂವರೆ ಅಡಿ ಜಾಗದಲ್ಲಿ ಮುಗಿಯುತ್ತದೆ. ನಾಲ್ಕೂ ಮೂಲೆ ಕೆಮ್ಮಣ್ಣಿನವೇ ಆಗಿರಲಿ.

ಇನ್ನು ಕಥೆ. ‘ಕುದುರೆ ಜಿಗಿಯುತ್ತದೆ’ ಅಂದಷ್ಟೇ ಹೇಳಿದರೆ ಮಗು ಜಿಗಿಯುತ್ತದೆ, ಎಲ್ಲಿಗೆ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಕಥೆಯೊಳಗೇ ದಾರಿ ಇರಬೇಕು. ನಾನು ಹೇಳುವುದು ಇಷ್ಟೇ: ಕುದುರೆ ಈ ಮೂಲೆಯ ಲಾಯದಲ್ಲಿದೆ. ಅದೇ ಗೋಡೆಗುಂಟ ಆ ಮೂಲೆಯಲ್ಲಿ ಭೀಷ್ಮ ಕೆರೆ. ಬಾಯಾರಿದೆ, ಆದರೆ ನೆಟ್ಟಗೆ ಓಡಲು ಅದಕ್ಕೆ ಬರುವುದಿಲ್ಲ. ಗೋಡೆಗುಂಟ ಎರಡು, ಒಳಗೆ ಒಂದು. ಅಲ್ಲಿ ಉಸಿರು ಬಿಡುತ್ತದೆ. ಆಮೇಲೆ ಮತ್ತೆ ಮುಂದಕ್ಕೆ ಎರಡು, ಗೋಡೆ ಕಡೆ ಒಂದು. ಕೆರೆ ಬಂತು! ಎರಡೇ ಜಿಗಿತದಲ್ಲಿ ಮೂಲೆಯಿಂದ ಮೂಲೆಗೆ. ಮಧ್ಯದಲ್ಲಿ ಉಸಿರು ಬಿಟ್ಟ ಮನೆ ಬಿಳಿ, ಕೆರೆ ಮತ್ತೆ ಕಪ್ಪು. ನೀವೇ ಒಮ್ಮೆ ನಡೆದು ನೋಡಿ.

ಈಗ ಮಕ್ಕಳ ಪಾದ ನೋಡಿ. ಹುಬ್ಬಳ್ಳಿಯ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ನಿಂತ ಮನೆಯನ್ನೇ ‘ಒಂದು’ ಅಂತ ಎಣಿಸುತ್ತಿದ್ದಳು. ಹಾಗಾಗಿ ಅವಳು ಒಂದೇ ಮನೆ ಮುಂದೆ ಹೋಗಿ, ಪಕ್ಕಕ್ಕೆ ಒಂದು ಹೆಜ್ಜೆ ಇಡುತ್ತಿದ್ದಳು. ಇಳಿದದ್ದು ಕಪ್ಪಿನಲ್ಲೇ. ಪಕ್ಕದಲ್ಲಿದ್ದವನು ‘ಬಿಳಿ ಎಲ್ಲಿ?’ ಅಂದ. ಅವಳೇ ಹಿಂದೆ ಹೋದಳು. ಅವತ್ತಿನಿಂದ ನಾನು ಕಾಲು ಎತ್ತಿದ ಮೇಲೆಯೇ ‘ಒಂದು’ ಅನ್ನಲು ಹೇಳುತ್ತೇನೆ. ಎರಡು ಹೋಗಿ ಮೂರನೆಯದನ್ನು ಮೂಲೆಗೆ ಓರೆಯಾಗಿ ಇಟ್ಟರೂ ಬಣ್ಣ ಬದಲಾಗುವುದಿಲ್ಲ, ಅದೂ ತಕ್ಷಣ ಸಿಕ್ಕಿಬೀಳುತ್ತದೆ.

ಆದರೆ ಬಣ್ಣ ಎಲ್ಲ ತಪ್ಪನ್ನೂ ಹಿಡಿಯುವುದಿಲ್ಲ. ತಿರುಗುವುದನ್ನೇ ಮರೆತು ಮೂರೂ ಮನೆ ನೆಟ್ಟಗೆ ಹೋದರೆ ಬಣ್ಣ ಬದಲಾಗಿಯೇ ಇರುತ್ತದೆ. ಅದಕ್ಕೆ ಹೊರಟ ಮನೆಯಲ್ಲಿ ಮಗುವಿನ ಚಪ್ಪಲಿ ಇಡಿಸಿ. ಇಳಿದ ಮೇಲೆ ಅದು ನೆಟ್ಟಗೆ ಹಿಂದೆ ಕಂಡರೆ, ಕುದುರೆ ತಿರುಗಿಲ್ಲ ಅಂತ ಅರ್ಥ.

ದಾರಿ ಗಟ್ಟಿಯಾದ ಮೇಲಷ್ಟೇ ಜಿಗಿತ. ನಡುವಿನ ಮನೆಗಳಲ್ಲಿ ಶಾಲೆ ಚೀಲ ಇಡಿ. ಮಕ್ಕಳನ್ನು ಕೂರಿಸಿ ದಾಟಿಸಬೇಡಿ, ಕಾಲು ತಗಲುತ್ತದೆ. ಚೀಲ ಕಂಡರೆ ಎಷ್ಟೋ ಮಕ್ಕಳು ನಿಂತುಬಿಡುತ್ತಾರೆ, ಯಾಕಂದರೆ ಆನೆಗೆ ಅದೇ ನಿಯಮ ಕಲಿತಿದ್ದಾರೆ. ಆಗ ‘ಇಳಿಯುವ ಮನೆ ಬೆರಳು ಮಾಡಿ ತೋರಿಸು’ ಅನ್ನಿ. ತೋರಿಸಿದ ಮೇಲೆ ಬಳಸಿಕೊಂಡು ಹೋಗಿ ಅಲ್ಲಿ ನಿಂತರೂ ಸರಿ. ಕುದುರೆಗೆ ನಡುವೆ ಯಾರಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ, ಇಳಿಯುವ ಮನೆಯೇ ಮುಖ್ಯ.

ಹನ್ನೆರಡು ಮಕ್ಕಳಿಗೆ ಒಂದೇ ಹಾಸು ಇದ್ದರೆ ಕಾಯುವವರು ಗದ್ದಲ ಮಾಡ್ತಾರೆ ಅಲ್ವಾ? ಜಾಗ ಇದ್ದರೆ ಎರಡು ಬರೆಯಿರಿ. ಕಾಯುವ ಮಕ್ಕಳು ಕುದುರೆ ಏಳುವ ಮೊದಲೇ ಇಳಿಯುವ ಬಣ್ಣ ಕೂಗಲಿ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ.

ಅದೇ ದಿನ ನಿಜವಾದ ಹಾಸಿನ ಮುಂದೆ ಕೂರಿಸಿ. ನೆಲದ ಮೇಲೆ ಮೈ ತಾನೇ ತಿರುಗುತ್ತದೆ, ಮೇಜಿನ ಮೇಲೆ ತಿರುಗುವುದಿಲ್ಲ. ಹಾಗಾಗಿ ಅಲ್ಲಿ ಬಂದದ್ದು ಇಲ್ಲಿ ಮರೆಯುತ್ತದೆ. ಐದು ಸಾಲು, ಐದು ಮನೆ ಬಿಟ್ಟು ಉಳಿದದ್ದನ್ನು ಪೇಪರಿನಿಂದ ಮುಚ್ಚಿ. ಹಾಸಿನ ಎಡಗಡೆ ಹತ್ತಿರದ ಮೂಲೆ ಕಪ್ಪು ಇರುವ ಹಾಗೆ ಇಡಿ, ಅದೇ ಲಾಯ. ಬೆರಳಿನಿಂದ ‘ಎರಡು, ಒಂದು’ ಅಂತ ತಟ್ಟಿ, ಅದೇ ಕೆರೆಗೆ ಕುದುರೆ ಕರೆದುಕೊಂಡು ಹೋಗಲಿ.