ನೋಟ್ಸ್ ತೆಳ್ಳಗಿರಲಿ, ಎಡಗಡೆ ಪ್ರಶ್ನೆ ಇರಲಿ

"ಕೆಎಎಸ್‌ಗೆ ಓದ್ತಿದ್ದೇನೆ. ಇತಿಹಾಸದ ನೋಟ್ಸೇ ಪುಸ್ತಕದಷ್ಟು ದಪ್ಪ ಆಗ್ತಿದೆ. ರಿವಿಷನ್‌ಗೆ ಟೈಮ್ ಸಾಲಲ್ಲ. ಏನು ಮಾಡಲಿ?"

ಓದುತ್ತಾ ಓದುತ್ತಾ ಬರೀತಿದ್ದೀರಿ ಅನ್ಸುತ್ತೆ, ಅಲ್ವಾ? ಆಗ ಎಲ್ಲವೂ ಮುಖ್ಯ ಅಂತಲೇ ಕಾಣುತ್ತದೆ. ನಾನೂ ಹಾಸನದಲ್ಲಿ ಲೈಬ್ರರಿಯಲ್ಲಿ ಕೂತು ಹೊಯ್ಸಳರ ಮೇಲೆ ಹದಿನಾಲ್ಕು ಪುಟ ಬರೆದಿದ್ದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.

ಈಗ ಮೊದಲ ಓದಿನಲ್ಲಿ ಪೆನ್ಸಿಲ್ ಗುರುತು ಮಾತ್ರ. ಒಂದು ಭಾಗ ಮುಗಿದ ಮೇಲೆ ಪುಸ್ತಕ ಮುಚ್ಚಿ ಬರೆಯುತ್ತೇನೆ. ಹಾಳೆಯ ಎಡಕ್ಕೆ ಮೂರು ಬೆರಳಗಲ ಬಿಟ್ಟು ಗೆರೆ. ಎಡಗಡೆ ಪ್ರಶ್ನೆ: "ಬೇಲೂರು ದೇಗುಲ ಯಾರು, ಯಾವಾಗ, ಯಾಕೆ?" ಬಲಗಡೆ ಉತ್ತರ: "ವಿಷ್ಣುವರ್ಧನ, 1117, ತಲಕಾಡು ಗೆಲುವಿನ ನೆನಪಿಗೆ ಎನ್ನುತ್ತಾರೆ. ಪು. 84." ಪುಟಸಂಖ್ಯೆ ಇದ್ದರೆ ವಿವರವನ್ನು ನಕಲು ಮಾಡಬೇಕಾಗಿಲ್ಲ. ಬರೆದ ಮೇಲೆ ಪುಸ್ತಕ ತೆರೆದು ತಪ್ಪು ತಿದ್ದಿ. ಎದುರು ಪುಟ ಖಾಲಿ ಬಿಡಿ. 2023ರ ಯುನೆಸ್ಕೊ ಮಾನ್ಯತೆಯಂಥ ಹೊಸ ವಿಷಯ ಅಲ್ಲಿಗೆ ಹೋಗುತ್ತದೆ.

ರಿವಿಷನ್‌ನಲ್ಲಿ ಬಲಗಡೆ ಮುಚ್ಚಿ ಉತ್ತರ ಹೇಳಿ. ತಪ್ಪಿದ ಪ್ರಶ್ನೆಗೆ ಚುಕ್ಕಿ ಇಡಿ. ಮುಂದಿನ ಸಲ ಮೊದಲು ಚುಕ್ಕಿಯವು ಸಾಕು. ಮೂರು ಚುಕ್ಕಿ ಬಿದ್ದರೆ ಸುಮ್ನೆ ಉರು ಹೊಡೆಯಬೇಡಿ, ಆ ಪುಟವನ್ನೇ ಮತ್ತೆ ಓದಿ. ಪ್ರಶ್ನೆ "ಹೊಯ್ಸಳರು?" ಅಂತ ಒಂದೇ ಪದ ಇದ್ದರೆ ಈ ಪದ್ಧತಿ ಕೆಲಸ ಮಾಡಲ್ಲ. ಏನು ಕೇಳ್ತಿದೆ ಅಂತ ನಿಮಗೇ ಗೊತ್ತಾಗಲ್ಲ.