ಕಾಯಂ ಆಗಿದ್ದು ಯಾವ ದಿನ?

"ನಿಮ್ಮ ಪತ್ರಿಕೆಯಲ್ಲಿ ಹೋದ ತಿಂಗಳು ಬಂದ ಕಥೆ ಓದಿದೆ. ಪ್ರೊಬೇಷನ್ ಅವಧಿ ಮುಗಿದರೂ ಕಾಯಂ ಆದೇಶ ಸಿಗದ ಆ ಅಕೌಂಟೆಂಟ್ ಹುಡುಗಿಗೆ ಆದದ್ದೇ ನನಗೂ ಆಗಿದೆ. ಪ್ರೈವೇಟ್ ಕಂಪನಿಗೆ ಸೇರಿ ಎರಡೂವರೆ ವರ್ಷ. ಇನ್‌ಕ್ರಿಮೆಂಟ್ ಕೇಳಿದರೆ 'ನಿನ್ನ ಪ್ರೊಬೇಷನ್ನೇ ಮುಗಿದಿಲ್ಲವಲ್ಲ' ಅಂದರು. ನನ್ನ ಲೆಟರಿನಲ್ಲಿ ಹೀಗಿದೆ: 'ಆರು ತಿಂಗಳು ಪ್ರೊಬೇಷನ್. ಆಡಳಿತ ಮಂಡಳಿ ಇದನ್ನು ವಿಸ್ತರಿಸಬಹುದು. ಲಿಖಿತ ಆದೇಶದಿಂದ ಕಾಯಂಗೊಳಿಸುವವರೆಗೆ ಪ್ರೊಬೇಷನ್‌ನಲ್ಲೇ ಇರುತ್ತೀರಿ.' ಅವಳ ಹಾಗೆ ನಾನೂ ತಾನಾಗಿ ಕಾಯಂ ಆದೆ ಅಂದುಕೊಳ್ಳಬಹುದಾ?"
– ಓದುಗರೊಬ್ಬರು, ಹುಬ್ಬಳ್ಳಿ

ಹಾಗೆ ಅಂದುಕೊಳ್ಳಲು ಬರುವುದಿಲ್ಲ. ಬೇಸರದಿಂದಲೇ ಬರೆಯುತ್ತಿದ್ದೇನೆ. ಕಥೆಯ ಹುಡುಗಿಗೂ ನಿಮಗೂ ಇರುವ ವ್ಯತ್ಯಾಸ ಒಂದೇ ಒಂದು ಸಾಲಿನದು. ಕಥೆ ಅಚ್ಚಾಗುವಾಗ ಆ ಸಾಲಿನ ಕಡೆ ಓದುಗರ ಗಮನ ಸೆಳೆಯಬೇಕಿತ್ತು. ನಾವು ಸೆಳೆಯಲಿಲ್ಲ, ಅದು ನಮ್ಮ ತಪ್ಪು.

ಅವಳು ಟ್ರಂಕಿನಿಂದ ಲೆಟರ್ ತೆಗೆದು, ಮಡಿಕೆ ಬಿದ್ದ ಕಡೆ ಅಕ್ಷರ ಮಾಸಿದ್ದರಿಂದ ದೀಪಕ್ಕೆ ಹಿಡಿದು ಓದುವ ಜಾಗ ನೆನಪಿದೆಯೇ? ಅಲ್ಲಿದ್ದದ್ದು ಇಷ್ಟು: "ಒಂದು ವರ್ಷ ಪ್ರೊಬೇಷನ್. ಇನ್ನೊಂದು ವರ್ಷ ವಿಸ್ತರಿಸಬಹುದು. ಒಟ್ಟು ಅವಧಿ ಎರಡು ವರ್ಷ ಮೀರತಕ್ಕದ್ದಲ್ಲ." ಅವಳು ಸೇರಿದ್ದು 2021ರ ಜೂನ್ 1ರಂದು. ಎರಡು ವರ್ಷ ಮುಗಿದದ್ದು 2023ರ ಮೇ 31ಕ್ಕೆ. ಮರುದಿನವೂ ಕೆಲಸಕ್ಕೆ ಹೋದಳು, ಸಂಬಳವೂ ಬಂತು. ಮಿತಿ ದಾಟಿದ ಮೇಲೆ ಪ್ರೊಬೇಷನ್ ಉಳಿಯಲು ಅವರದೇ ಕಾಗದ ಜಾಗ ಕೊಡುವುದಿಲ್ಲ. ಹಾಗಾದರೆ ಅವರು ಅವಳನ್ನು ಇಟ್ಟುಕೊಂಡದ್ದು ಕಾಯಂ ನೌಕರಳಾಗಿ ಎಂದೇ ಅರ್ಥ. ಡೀಮ್ಡ್ ಕನ್‌ಫರ್ಮೇಷನ್ ಎನ್ನುವುದು ಇದನ್ನೇ.

ಈ ತರ್ಕ 1968ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಪಂಜಾಬಿನ ಧರಮ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು. ಅಲ್ಲಿ ಸೇವಾ ನಿಯಮವೇ ಪ್ರೊಬೇಷನ್ನಿಗೆ ಮೂರು ವರ್ಷದ ಗರಿಷ್ಠ ಮಿತಿ ಹಾಕಿತ್ತು. ಮಿತಿ ಮೀರಿಯೂ ನೌಕರರನ್ನು ಮುಂದುವರಿಸಿದ್ದರಿಂದ, ಆದೇಶ ಇಲ್ಲದಿದ್ದರೂ ಕಾಯಂ ಆದರು ಎಂದಿತು ಕೋರ್ಟು. ಮಿತಿಯೇ ಇಲ್ಲದ ಕಡೆ ಈ ತರ್ಕ ನಿಲ್ಲುವುದಿಲ್ಲ. ವರ್ಷಗಟ್ಟಲೆ ಇಟ್ಟುಕೊಂಡರೂ ಪ್ರೊಬೇಷನ್ನೇ ಮುಂದುವರಿಯಿತು ಎಂದೇ ಸಾಮಾನ್ಯವಾಗಿ ತಿಳಿಯುತ್ತಾರೆ.

ಇನ್ನೊಂದು ಬಗೆ ಇದೆ, ಎಡವುವುದು ಹೆಚ್ಚು ಅಲ್ಲೇ. ಮಿತಿ ಇರುತ್ತದೆ, ಆದರೆ ಕಾಯಂ ಆಗಲು ಆದೇಶ ಹೊರಡಬೇಕು ಅಥವಾ ಪರೀಕ್ಷೆ ಪಾಸಾಗಬೇಕು ಎಂಬ ಷರತ್ತೂ ಜೊತೆಗಿರುತ್ತದೆ. ನೀಲಗಿರಿಯ ಲವ್‌ಡೇಲ್ ಲಾರೆನ್ಸ್ ಶಾಲೆಯ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ನಿಯಮವು ಪ್ರೊಬೇಷನ್ ಎಷ್ಟರವರೆಗೆ ಎಂದು ಹೇಳಿ, ಮುಂದೆ "ಕಾಯಂಗೊಂಡರೆ" ಇಂಥ ವಯಸ್ಸಿನವರೆಗೆ ಸೇವೆ ಎಂದಿತ್ತು. 2012ರಲ್ಲಿ ಸುಪ್ರೀಂ ಕೋರ್ಟು ಆ "ರೆ"ಯನ್ನೇ ಹಿಡಿಯಿತು. ಕಾಯಂಗೊಳಿಸುವ ಕೆಲಸವನ್ನು ಯಾರಾದರೂ ಮಾಡಲೇಬೇಕು, ದಿನ ಕಳೆದ ಮಾತ್ರಕ್ಕೆ ಅದು ಆಗದು ಎಂದಿತು.

ನಿಮ್ಮ ಲೆಟರಿನಲ್ಲಿ ಎರಡು ಅಡ್ಡಿಯೂ ಇವೆ. ವಿಸ್ತರಣೆಗೆ ಕೊನೆಯಿಲ್ಲ, "ಲಿಖಿತ ಆದೇಶದಿಂದ" ಎಂಬ ಮಾತೂ ಇದೆ. ಆದರೂ ಹುಡುಕಲು ಒಂದು ಜಾಗ ಉಳಿದಿದೆ. ಕಂಪನಿಯ ಎಚ್‌ಆರ್ ಪಾಲಿಸಿ ಪುಸ್ತಕ ಅಥವಾ ನೌಕರರ ಸೇವಾ ಷರತ್ತುಗಳ ನಿಯಮಾವಳಿಯಾದ ಸ್ಟ್ಯಾಂಡಿಂಗ್ ಆರ್ಡರ್ಸ್ ಇದ್ದರೆ ತೆಗೆದು ನೋಡಿ. ಗರಿಷ್ಠ ಅವಧಿ ಅಲ್ಲಿರಬಹುದು. ನಿಮಗೆ ಅನ್ವಯಿಸುವ, ಸರ್ಕಾರಿ ಅಧಿಕಾರಿ ಪ್ರಮಾಣೀಕರಿಸಿದ ಸ್ಟ್ಯಾಂಡಿಂಗ್ ಆರ್ಡರ್ಸ್ ಇದ್ದರೆ, ಅದಕ್ಕೆ ವಿರುದ್ಧವಾದ ಲೆಟರಿನ ಸಾಲು ಸಾಮಾನ್ಯವಾಗಿ ಗೆಲ್ಲುವುದಿಲ್ಲ. ನೀವು ವೋಚರ್, ಲೆಡ್ಜರ್, ರಿಟರ್ನ್ ಇಂಥ ಗುಮಾಸ್ತಿಕೆಯನ್ನೇ ಮುಖ್ಯವಾಗಿ ಮಾಡುತ್ತ, ಕೈಕೆಳಗೆ ಯಾರನ್ನೂ ನಡೆಸದೆ ಇದ್ದರೆ ಕಾನೂನಿನ ಲೆಕ್ಕದಲ್ಲಿ ನೀವೂ ಕಾರ್ಮಿಕರೆನಿಸಿ, ಕಾರ್ಮಿಕ ಇಲಾಖೆಯ ಬಾಗಿಲೂ ತೆರೆದಿರಬಹುದು. ಹುದ್ದೆಯ ಹೆಸರಿಗಿಂತ ದಿನವೂ ಮಾಡುವ ಕೆಲಸವನ್ನೇ ಅಲ್ಲಿ ನೋಡುತ್ತಾರೆ.

ಮೊದಲು ಒಂದು ಇಮೇಲ್ ಕಳಿಸಿ. ಸೇರಿದ ದಿನಾಂಕ ಬರೆದು, ನನ್ನ ಪ್ರೊಬೇಷನ್ ಯಾವ ಆದೇಶದಿಂದ, ಎಂದಿನವರೆಗೆ ವಿಸ್ತರಣೆಯಾಗಿದೆ ಎಂದಷ್ಟೇ ಕೇಳಿ. ಎರಡೂವರೆ ವರ್ಷದಲ್ಲಿ ಕೊಟ್ಟ ಇನ್‌ಕ್ರಿಮೆಂಟ್ ಲೆಟರ್, ಮೌಲ್ಯಮಾಪನದ ಕಾಗದ ಇದ್ದರೆ ಪ್ರತಿ ಇಟ್ಟುಕೊಳ್ಳಿ. ಯಾವುದಾದರೂ ಒಂದರಲ್ಲಿ "ಕನ್‌ಫರ್ಮ್ಡ್" ಎಂದಿದ್ದರೆ ನಿಮ್ಮ ಲಿಖಿತ ಆದೇಶ ಅದೇ ಎಂದು ವಾದಿಸಬಹುದು.

ಕಥೆಯಲ್ಲಿ ಮ್ಯಾನೇಜರು ಹಿಂದಿನ ತಾರೀಖು ಹಾಕಿದ ವಿಸ್ತರಣೆ ಪತ್ರ ಮುಂದಿಟ್ಟು, ಪೆನ್ನಿನ ಕ್ಯಾಪು ತಾನೇ ತೆಗೆದು ಕೊಡುತ್ತಾನೆ. ಅವಳು ಸಹಿ ಹಾಕಿದ್ದರೆ ಎರಡು ವರ್ಷದ ಲೆಕ್ಕವೆಲ್ಲ ಕಲಸಿಹೋಗುತ್ತಿತ್ತು. ನಿಮ್ಮ ಮುಂದೆ ಅಂಥ ಕಾಗದ ಬಂದರೆ ಓದಿ, ಇವತ್ತಿನ ತಾರೀಖು ನಿಮ್ಮ ಕೈಯಿಂದಲೇ ಬರೆದು, "ಸ್ವೀಕರಿಸಿದೆ, ಒಪ್ಪಿಗೆಯಲ್ಲ" ಎಂದು ಸೇರಿಸಿ.

ಇನ್ನು ಗ್ರಾಚ್ಯುಟಿಯ ಚಿಂತೆ ಬೇಡ. ಅದಕ್ಕೆ ಸೇವೆ ಎಣಿಸುವುದು ಸೇರಿದ ದಿನದಿಂದ, ಪ್ರೊಬೇಷನ್ ದಿನಗಳೂ ಅದರಲ್ಲಿ ಸೇರುತ್ತವೆ. ಕೆಲಸದಿಂದ ತೆಗೆಯುವ ಪತ್ರದಲ್ಲಿ ನಿಮ್ಮ ನಡತೆಯ ಮೇಲೆ ಕಳಂಕ ಹೊರಿಸಿದ್ದರೆ ಮಾತ್ರ ತಡಮಾಡದೆ ವಕೀಲರನ್ನು ಕಾಣಿ. ಪ್ರೊಬೇಷನ್‌ನಲ್ಲಿ ಇದ್ದವರ ಮೇಲೂ ವಿಚಾರಣೆ ಇಲ್ಲದೆ ಹಾಗೆ ಬರೆದುದನ್ನು ಪ್ರಶ್ನಿಸಲು ಅವಕಾಶವಿರುತ್ತದೆ.
– ಸಂಪಾದಕ